ಟೆಲಿಸ್ಕೋಪ್ ಮೌಂಟ್ ಬರಲೇ ಇಲ್ಲ: ಚಾರ್ಜ್‌ಬ್ಯಾಕ್ ಫಾರ್ಮ್‌ನಲ್ಲಿ ಏನು ಬರೆಯಬೇಕು, ಗಡುವು ಯಾವುದು?

ತಾರೆನೋಟ (ಕಲಬುರಗಿ), ಜೂನ್ 20
ಮಾರ್ಚ್ 3ಕ್ಕೆ ಒಂದು ಆನ್‌ಲೈನ್ ಅಂಗಡಿಯಲ್ಲಿ ಮೌಂಟ್ ಆರ್ಡರ್ ಮಾಡಿದೆ. ₹18,400, ಕ್ರೆಡಿಟ್ ಕಾರ್ಡ್. ಮಾರ್ಚ್ 18ರೊಳಗೆ ಕಲಬುರಗಿಗೆ ತಲುಪಿಸುವುದಾಗಿ ಹೇಳಿದ್ದರು. ಕೊರಿಯರ್ ಪುಟ ಮಾತ್ರ ಮಾರ್ಚ್ 17ಕ್ಕೆ ಹೈದರಾಬಾದಿನಲ್ಲಿ ಡೆಲಿವರಿ ಆಗಿದೆ ಅಂತ ತೋರಿಸುತ್ತಿದೆ. ಅಂಗಡಿಯವರು ಎರಡು ತಿಂಗಳು "ನೋಡ್ತೀವಿ" ಅಂದರು. ಮೇ 29ಕ್ಕೆ "ತಲುಪಿದೆ, ದುಡ್ಡು ವಾಪಸ್ ಇಲ್ಲ" ಅಂತ ಮೇಲ್ ಹಾಕಿದರು. ಮೊನ್ನೆ ಅಂಗಡಿಯಿಂದ ದುಡ್ಡು ವಾಪಸ್ ಕೊಡಿಸಿ ಅಂತ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ದೂರು ಕೊಟ್ಟೆ. ದಾಖಲೆ ಸಮೇತ ಫಾರ್ಮ್ ಅನ್ನು 7 ದಿನದಲ್ಲಿ ಕಳಿಸಿ ಅಂದಿದ್ದಾರೆ. ವಿವರಣೆಗೆ 1000 ಅಕ್ಷರ ಮಿತಿ, ನನ್ನದು ಎರಡು ಪುಟ ಆಗಿದೆ. ಶುರುವೇ ಹೀಗೆ: "ಈ ಮೋಸಗಾರ ಅಂಗಡಿಯವರು ನನ್ನಂಥ ಎಷ್ಟೋ ಜನರನ್ನು..."

ಕೋಟೆಬಾಗಿಲು (ಬೀದರ್)
ಸರ್, ಮೂರು ದಿನದೊಳಗೆ ಹೇಳದಿದ್ದರೆ ಬ್ಯಾಂಕ್ ಜವಾಬ್ದಾರಿ ಇಲ್ಲ, ಇದು ರಿಸರ್ವ್ ಬ್ಯಾಂಕ್ ನಿಯಮ. ಈಗ ಫ್ರಾಡ್ ಅಂತ ಹಾಕಿ ನೋಡಿ, ಆಗಲಾದರೂ ಬೇಗ ನೋಡ್ತಾರೆ.

ಹಳೇಕೌಂಟರ್ (ಕಲಬುರಗಿ)
ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿ ಕೂತು ಇಂಥ ಫೈಲ್ ಬಹಳ ನೋಡಿದ್ದೇನೆ. ಮೂರು ಕೆಲಸದ ದಿನದ ನಿಯಮ 2017ರ ಸುತ್ತೋಲೆಯಲ್ಲಿ ಬಂದದ್ದು ನಿಜ. ಆದರೆ ಅದು ನಿಮಗೆ ಗೊತ್ತಿಲ್ಲದೆ ನಡೆದ ವ್ಯವಹಾರಕ್ಕೆ. ಇಲ್ಲಿ ಒಟಿಪಿ ಹಾಕಿ ದುಡ್ಡು ಕೊಟ್ಟವರು ಇವರೇ. ಫ್ರಾಡ್ ಅಂದರೆ ಕಾರ್ಡ್ ಬ್ಲಾಕ್ ಆಗುತ್ತದೆ, ಒಟಿಪಿ ದಾಖಲೆ ಇವರ ಮಾತನ್ನೇ ಸುಳ್ಳು ಮಾಡುತ್ತದೆ. ಫಾರ್ಮ್‌ನಲ್ಲಿ Goods not received ಆರಿಸಿ, ಅಷ್ಟೇ.

ಗಡುವಿನ ಮಾತು. ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಇಂಥದ್ದಕ್ಕೆ ಸಾಮಾನ್ಯವಾಗಿ 120 ದಿನ. ವಸ್ತು ಬರದಿದ್ದಾಗ ಲೆಕ್ಕ ಶುರುವಾಗುವುದು ದುಡ್ಡು ಕೊಟ್ಟ ದಿನದಿಂದಲ್ಲ, ಬರಬೇಕಿದ್ದ ದಿನದಿಂದ. ಮಾರ್ಚ್ 18ರಿಂದ ಎಣಿಸಿದರೆ ಜುಲೈ 16. ಆದರೆ ಆ 120 ದಿನ ಬ್ಯಾಂಕ್ ಕೇಸ್ ಹಾಕಲಿಕ್ಕೆ ಇರುವ ಗಡುವು, ನಿಮ್ಮದಲ್ಲ. ನಿಮ್ಮ ಗಡುವು ಆ 7 ದಿನದ ಮೇಲ್. ಅದು ತಪ್ಪಿದರೆ ಫೈಲ್ ಮುಚ್ಚುತ್ತಾರೆ. ಮತ್ತೆ ತೆರೆಸುವಷ್ಟರಲ್ಲಿ ಜುಲೈ 16 ದಾಟಿರುತ್ತದೆ. ಕಸ್ಟಮರ್ ಕೇರ್‌ನವರು ಕೊಟ್ಟ ದಿನದಿಂದ ಎಣಿಸಿ ಜುಲೈ 1 ಅಂದರೂ ಜಗಳಕ್ಕೆ ಹೋಗಬೇಡಿ, ಅದಕ್ಕೂ ಮೊದಲೇ ಕಳಿಸಿ.

ಇನ್ನು ಬರಹ. ಓದುವವರು ನಿಮ್ಮ ಸಿಟ್ಟು ಅಳೆಯುವುದಿಲ್ಲ. ಏನು ಒಪ್ಪಂದ ಆಗಿತ್ತು, ಏನು ಆಗಲಿಲ್ಲ, ಅಂಗಡಿಯವರನ್ನು ಕೇಳಿದಿರಾ, ಇಷ್ಟೇ ಹುಡುಕುತ್ತಾರೆ. ಅಂಗಡಿಯವರು ಉತ್ತರವಾಗಿ ಕೊರಿಯರ್ ಪುಟವನ್ನೇ ಕೊಡುತ್ತಾರೆ. ಹಾಗಾಗಿ ಹೈದರಾಬಾದ್ ವಿಷಯವನ್ನು ನೀವೇ ಮೊದಲು ಹೇಳಿಬಿಡಿ. ಇದೇ ಕ್ರಮದಲ್ಲಿ ಇಂಗ್ಲಿಷಿಗೆ ಹಾಕಿಕೊಳ್ಳಿ:

> 03-03ರಂದು ಒಂದು ಟೆಲಿಸ್ಕೋಪ್ ಮೌಂಟ್‌ಗೆ ಈ ಕಾರ್ಡಿನಿಂದ ₹18,400 ಕೊಟ್ಟೆ. 18-03ರೊಳಗೆ ಕಲಬುರಗಿ 585102ಕ್ಕೆ ತಲುಪಿಸುವುದಾಗಿ ಆರ್ಡರ್ ಮೇಲ್‌ನಲ್ಲಿದೆ (ದಾಖಲೆ 1). ವಸ್ತು ಇವತ್ತಿನವರೆಗೂ ಬಂದಿಲ್ಲ. ಕೊರಿಯರ್ ಪುಟದ ಪ್ರಕಾರ 17-03ರಂದು ಹೈದರಾಬಾದಿನಲ್ಲಿ ಡೆಲಿವರಿ ಆಗಿದೆ. ಅದು ನನ್ನ ವಿಳಾಸವಲ್ಲ, ಅಲ್ಲಿ ಯಾರಿಗೂ ಪಡೆಯಲು ಹೇಳಿಲ್ಲ (ದಾಖಲೆ 2). 25-03ರಂದು ಅಂಗಡಿಗೆ ಬರೆದೆ, 29-05ರಂದು ರೀಫಂಡ್ ನಿರಾಕರಿಸಿದರು (ದಾಖಲೆ 3). ಪೂರ್ತಿ ₹18,400 ವಾಪಸ್ ಕೇಳುತ್ತಿದ್ದೇನೆ.

25-03 ನನ್ನ ಊಹೆ, ನೀವು ಮೊದಲು ಬರೆದ ದಿನ ಹಾಕಿ. ಕೊರಿಯರ್ ಪುಟದ ಸ್ಕ್ರೀನ್‌ಶಾಟ್ ಇವತ್ತೇ ತೆಗೆಯಿರಿ, ತಾರೀಖು ಮತ್ತು ಟ್ರ್ಯಾಕಿಂಗ್ ನಂಬರ್ ಕಾಣಬೇಕು. ಹಳೇ ಟ್ರ್ಯಾಕಿಂಗ್ ಪುಟಗಳು ಅಳಿದುಹೋಗುತ್ತವೆ.

ಸುರಪುರದವ (ಯಾದಗಿರಿ)
ಅಣ್ಣಾ, ನನಗೆ ಪೆಟ್ಟಿಗೆ ಬಂತು, ಒಳಗೆ ಐಪೀಸ್ ಒಡೆದಿತ್ತು. ಯುಪಿಐನಲ್ಲಿ ಕೊಟ್ಟಿದ್ದೆ. ನಾನೂ ಇದನ್ನೇ ಬರೆಯಲಾ?

ಹಳೇಕೌಂಟರ್
ಬೇಡ ತಮ್ಮಾ. ಯುಪಿಐಗೆ ದಾರಿ ಬೇರೆ, ಮೊದಲು ಆ್ಯಪ್‌ನಲ್ಲೇ ಆ ವ್ಯವಹಾರದ ಮೇಲೆ ದೂರು ಹಾಕು. ಇನ್ನು ಒಡೆದ ವಸ್ತುವಿನ ಕೇಸೇ ಬೇರೆ: ಫೋಟೋ ಬೇಕು, ವಾಪಸ್ ಕಳಿಸಲು ಸಿದ್ಧ ಅಂತ ಅಂಗಡಿಗೆ ತಿಳಿಸಿದ ಮೇಲ್ ಬೇಕು. ಬೇರೆ ಥ್ರೆಡ್ ತೆರೆ.

ತಾರೆನೋಟ
ಮೊದಲು ಬರೆದದ್ದು ಮಾರ್ಚ್ 21, ತಿದ್ದಿದೆ. ಸಿಟ್ಟಿನ ಭಾಗ ಎಲ್ಲಾ ತೆಗೆದೆ, ಮಿತಿಯೊಳಗೆ ಬಂತು. ಇವತ್ತೇ ಕಳಿಸಿ ದೂರಿನ ಸಂಖ್ಯೆ ಬರೆದಿಟ್ಟುಕೊಂಡೆ. ತಾತ್ಕಾಲಿಕವಾಗಿ ದುಡ್ಡು ಜಮಾ ಆದರೆ ಮುಗೀತಾ?

ಹಳೇಕೌಂಟರ್
ಇಲ್ಲ. ಅಂಗಡಿಯವರು ತಕರಾರು ಹಾಕಿದರೆ ಜಮಾ ಆದದ್ದು ಮತ್ತೆ ಹೋಗಬಹುದು. ಆಗ ಬ್ಯಾಂಕ್ ಅವರ ದಾಖಲೆ ಕಳಿಸಿ ನಿಮ್ಮ ಉತ್ತರ ಕೇಳುತ್ತದೆ, ಅದಕ್ಕೂ ಕೆಲವೇ ದಿನ ಇರುತ್ತದೆ. ಸೋಲುವವರಲ್ಲಿ ಬಹಳ ಜನ ಆ ಮೇಲ್ ನೋಡದೇ ಸೋಲುತ್ತಾರೆ. ಸ್ಪ್ಯಾಮ್ ಫೋಲ್ಡರ್ ನೋಡುತ್ತಿರಿ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರವೇ ಬರದಿದ್ದರೆ ರಿಸರ್ವ್ ಬ್ಯಾಂಕಿಗೇ ದೂರು ಕೊಡಲು cms.rbi.org.in ಇದೆ.

ಕೋಟೆಬಾಗಿಲು
ಅಲ್ಲಿಯವರೆಗೆ ಆ ₹18,400ಕ್ಕೆ ಬಡ್ಡಿ ಬೀಳುತ್ತಾ? ಬಿಲ್‌ನಲ್ಲಿ ಅಷ್ಟು ಬಿಟ್ಟು ಕಟ್ಟಬಹುದಾ?

ಹಳೇಕೌಂಟರ್
ಫ್ರಾಡ್ ದೂರಿಗೆ ಶುಲ್ಕ ಹಾಕಬಾರದು ಅಂತ ನಿಯಮವಿದೆ. ಆದರೆ ಇದು ಫ್ರಾಡ್ ಅಲ್ಲವಲ್ಲ. ಬ್ಯಾಂಕ್ ಬರವಣಿಗೆಯಲ್ಲಿ ಒಪ್ಪದೇ ಒಂದು ರೂಪಾಯಿಯೂ ಕಡಿಮೆ ಕಟ್ಟಬೇಡಿ.

ತಾರೆನೋಟ
ಬಿಲ್ ಮಾರ್ಚ್‌ನಲ್ಲೇ ಪೂರ್ತಿ ಕಟ್ಟಿದ್ದೇನೆ ಸರ್. ಈಗ ಅಂಗಡಿಯವರು ಫೋನ್ ಮಾಡಿದ್ದಾರೆ, ಕೇಸ್ ವಾಪಸ್ ತಗೊಂಡರೆ ಹೊಸ ಮೌಂಟ್ ಕಳಿಸ್ತಾರಂತೆ.

ಹಳೇಕೌಂಟರ್
ಮೊದಲು ವಸ್ತು ಕೈಗೆ ಬರಲಿ. ಕೇಸ್ ವಾಪಸ್ ತಗೊಂಡರೆ ಅದನ್ನೇ ಮತ್ತೆ ಹಾಕುವುದು ಕಷ್ಟ, ಜುಲೈ 16 ಬೇರೆ ಹತ್ತಿರ ಇದೆ. ಅವರು ಹೇಳಿದ್ದನ್ನು ಮೇಲ್‌ನಲ್ಲಿ ಬರೆದು ಕಳಿಸಿ ಅನ್ನಿ.