ಸಹಾಯ ಬೇಕು: 14 ಜನರ ಮನೆಗೆ ತಂದ ಶಾಂಪೂ ಕೆಡದಂತೆ ಇಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ವಿಜಯಪುರದ ನಮ್ಮ ಕೂಡು ಕುಟುಂಬದಲ್ಲಿ 14 ಜನರಿದ್ದೇವೆ. ಒಬ್ಬರಿಗೆ ಸಲಕ್ಕೆ 10 ಮಿಲಿಲೀಟರ್‌ನಂತೆ ವಾರಕ್ಕೆ ಎರಡು ಬಾರಿ ತಲೆಸ್ನಾನ ಎಂದು ಲೆಕ್ಕ ಹಾಕಿ, ಸುಮಾರು 18 ವಾರಕ್ಕೆ ಸಾಲುವಂತೆ 5 ಲೀಟರಿನ ಶಾಂಪೂ ಕ್ಯಾನ್ ತಂದೆವು.

ಲೆಕ್ಕ ಸರಿಯಿತ್ತು, ಬಳಸಿದ ರೀತಿ ತಪ್ಪಿತು. ಬಚ್ಚಲಮನೆಯ ಬಾಟಲಿಯ ತಳದಲ್ಲಿ ಉಳಿದದ್ದಕ್ಕೆ ಮಕ್ಕಳು ನೀರು ಬೆರೆಸುತ್ತಿದ್ದರು. ನಾವು ಅದನ್ನು ಗಮನಿಸದೆ ಅದರ ಮೇಲೆಯೇ ಹೊಸದನ್ನು ತುಂಬುತ್ತಿದ್ದೆವು. ಮೂರು ವಾರದಲ್ಲಿ ಅದು ತೆಳ್ಳಗಾಗಿ ಹುಳಿವಾಸನೆ ಬಂದು, ಚೆಲ್ಲಬೇಕಾಯಿತು. ಕ್ಯಾನಿನಲ್ಲಿದ್ದದ್ದು ಚೆನ್ನಾಗಿಯೇ ಇದ್ದುದರಿಂದ, ನೀರು ಸೇರಿ ಸಂರಕ್ಷಕದ ಬಲ ಕುಗ್ಗಿ ಸೂಕ್ಷ್ಮಜೀವಿಗಳು ಬೆಳೆದಿರಬೇಕೆಂದು ತಿಳಿಯುತ್ತದೆ. ಈಗ ಬಾಟಲಿ ಪೂರ್ತಿ ಬರಿದಾದ ಮೇಲೆ ಬಿಸಿನೀರಿನಲ್ಲಿ ತೊಳೆದು, ಒಳಗೆಲ್ಲ ಒಣಗಿಸಿ, ತುಂಬಿದ ದಿನಾಂಕ ಬರೆದಿಡುತ್ತೇವೆ. ಸಾಬೂನಿನ ವಿಷಯದಲ್ಲಿ ನಮಗೆ ಚಿಂತೆಯಿಲ್ಲ. ಒಣಗಿದಷ್ಟೂ ಅದು ಹೆಚ್ಚು ದಿನ ಬಾಳುತ್ತದೆ.

ಉಳಿದಿರುವುದು ಬೇಸಿಗೆಯ ಪ್ರಶ್ನೆ. ನಮ್ಮ ಊರಿನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಮಾಳಿಗೆಯ ಕೋಣೆಯಂತೂ ಕಾದ ಹೆಂಚಿನಂತಾಗುತ್ತದೆ. ಕ್ಯಾನನ್ನು ನಡುಮನೆಯ ಕತ್ತಲೆ ಮೂಲೆಯಲ್ಲಿ ಇಟ್ಟರೆ ಸಾಕೇ, ಅಥವಾ ಬೇಸಿಗೆಯ ಮಟ್ಟಿಗೆ 1 ಲೀಟರಿನ ಬಾಟಲಿಗಳನ್ನೇ ತರುವುದು ಲೇಸೇ? ದೊಡ್ಡ ಕುಟುಂಬದಲ್ಲಿ ಇದನ್ನು ನಿಭಾಯಿಸಿದವರು ದಯವಿಟ್ಟು ತಿಳಿಸಿರಿ.