ಅಪ್‌ಡೇಟ್: ಕಿಟಕಿ ಗಾಜಿನ ಹಿಂದಿನ ಕ್ಯಾಮೆರಾದ ಬಿಳಿ ಮಬ್ಬು ಹೋಯ್ತು

ನನ್ನ ಪ್ರಶ್ನೆ: ಮೈಸೂರಿನ ಕುವೆಂಪುನಗರದ ಮನೆ. ಕಿಟಕಿ ಗಾಜಿನ ಒಳಗಿಟ್ಟ ಕ್ಯಾಮೆರಾದಲ್ಲಿ ಹಗಲು ಗೇಟು ಚೆನ್ನಾಗಿ ಕಾಣುತ್ತೆ, ರಾತ್ರಿ ಬರೀ ಬಿಳಿ. ಏನು ಮಾಡ್ಲಿ?

ರಾತ್ರಿ ಕ್ಯಾಮೆರಾ ಬಿಡೋ ಐಆರ್, ಅಂದ್ರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು, ಗಾಜಿಗೆ ಬಡಿದು ಲೆನ್ಸಿಗೇ ವಾಪಸ್ ಬರ್ತಿತ್ತು. ಕೊನೆಗೆ ಕೆಲಸ ಮಾಡಿದ್ದು ಕ್ಯಾಮೆರಾದ ಸ್ವಂತ ಐಆರ್ ದೀಪ ಆರಿಸಿ, ಬೆಳಕನ್ನು ಗಾಜಿನ ಆಚೆಯಿಂದ ಕೊಡಿ ಅನ್ನೋ ಸಲಹೆ. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಸೆಟ್ಟಿಂಗ್ಸ್‌ನಲ್ಲಿ ನೈಟ್ ಮೋಡ್ ಆನ್ ಇರಲೇಬೇಕು, ಐಆರ್ ದೀಪ ಮಾತ್ರ ಆಫ್. ನೈಟ್ ಮೋಡನ್ನೇ ಆರಿಸಿದ್ರೆ ಲೆನ್ಸಿನ ಹಿಂದಿನ ಫಿಲ್ಟರ್ ವಾಪಸ್ ಬಂದು ಐಆರ್ ಬೆಳಕನ್ನು ತಡೆಯುತ್ತೆ, ಆಗ ಹೊರಗೆ ಎಷ್ಟು ಐಆರ್ ಹಾಕಿದ್ರೂ ಕತ್ತಲೇ.

ಆಮೇಲೆ ಸಜ್ಜಾದ ಕೆಳಗೆ, ಕಿಟಕಿಯಿಂದ ಸುಮಾರು ನಾಲ್ಕು ಅಡಿ ಪಕ್ಕಕ್ಕೆ, 12 ವೋಲ್ಟಿನ 850 ನ್ಯಾನೋಮೀಟರ್ ಐಆರ್ ದೀಪ ಗೇಟಿನ ಕಡೆ ತಿರುಗಿಸಿ ಹಾಕಿದೆ. ಈಗ ಗೇಟಿನ ಹತ್ತಿರ ನಿಂತವರ ಮುಖ ಗೊತ್ತಾಗುತ್ತೆ.

ಗಾಜು ಒರೆಸಿದ್ದರಿಂದ ಏನೂ ಆಗ್ಲಿಲ್ಲ. ಲೆನ್ಸಿನ ಸುತ್ತ ಕಪ್ಪು ಫೋಮ್ ಇಟ್ಟು ಗಾಜಿಗೆ ಒತ್ತಿದಾಗ ಮಬ್ಬು ಅರ್ಧ ಇಳೀತು, ಅಷ್ಟೇ. ಉಳಿದರ್ಧ ಗಾಜಿನದ್ದಲ್ಲ, ಅದರಾಚೆಯ ಸೊಳ್ಳೆ ಜಾಲರಿಯದ್ದು! ಜಾಲರಿ ಸರಿಸಿದ ಕೂಡಲೇ ಅದೂ ಹೋಯ್ತು. ಫೋಮ್ ಮಾತ್ರ ತೆಗೀಬೇಡಿ, ಕೋಣೆಯ ಲೈಟು ಗಾಜಿನಲ್ಲಿ ಪ್ರತಿಫಲಿಸೋದನ್ನ ಅದು ತಡೆಯುತ್ತೆ.