ಮೆಷಿನ್ ನೀರು ಕುಡಿಯುತ್ತಲೇ ಇದೆ, ಗಾಜಿನಲ್ಲಿ ನೀರೇ ಕಾಣುವುದಿಲ್ಲ

ಸುಮಾ, ಬೆಂಗಳೂರು: ನಮ್ಮ ಯುಟಿಲಿಟಿ ಮೂರೂವರೆ ಅಡಿ ಅಗಲ, ಐದಡಿ ಉದ್ದ. ಹೋದ ವಾರ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ತಂದೆವು. ನಲ್ಲಿ ಎರಡಡಿ ಎತ್ತರದಲ್ಲಿ, ಸರಿಯಾಗಿ ಮೆಷಿನ್ ಬೆನ್ನ ಹಿಂದೆಯೇ ಇದೆ. ಹಾಗಾಗಿ ಮೆಷಿನ್ ಗೋಡೆಯಿಂದ ಆರು ಇಂಚು ಮುಂದೆ ನಿಂತಿದೆ, ಅಡುಗೆಮನೆ ಬಾಗಿಲು ಅದಕ್ಕೆ ಬಡಿಯುತ್ತದೆ. ಡ್ರೈನ್‌ಗೆ ಅಂತ ಬಿಟ್ಟ ಪೈಪ್ ನೆಲದಿಂದ ಒಂದೇ ಅಡಿ ಮೇಲೆ ಗೋಡೆಯಿಂದ ಹೊರಗೆ ಬಂದಿದೆ. ಹೋಸನ್ನು ಅದರೊಳಗೆ ಉದ್ದಕ್ಕೆ ತುರುಕಿ ಹೋಗಿದ್ದಾರೆ. ಈಗ ಮೆಷಿನ್ ನೀರು ಎಳೆಯುತ್ತಲೇ ಇರುತ್ತದೆ, ಆಮೇಲೆ ಎರರ್ ತೋರಿಸಿ ನಿಲ್ಲುತ್ತದೆ. ಹೊಸ ಮೆಷಿನ್ನೇ ಕೆಟ್ಟಿದೆಯಾ? ಇಲ್ಲಿ ಯಾರಾದರೂ ಪ್ಲಂಬರ್ ಇದ್ದರೆ ಹೇಳಿ.

ರಮೇಶ್: ಪ್ರೆಶರ್ ಕಮ್ಮಿ ಇರಬೇಕು ಮೇಡಂ. ನಮ್ಮ ಮನೆಯಲ್ಲೂ ಇದೇ ಎರರ್ ಬರುತ್ತಿತ್ತು. ಟ್ಯಾಂಕ್ ಪಕ್ಕ ಒಂದು ಬೂಸ್ಟರ್ ಪಂಪ್ ಹಾಕಿಸಿದೆವು, ಸರಿಹೋಯಿತು.

ಮಂಜಣ್ಣ, ಪ್ಲಂಬರ್: ರಮೇಶ್ ಸರ್, ನೀವು ಹೇಳಿದ್ದು ಅರ್ಧ ಸರಿ. ನೀರು ಸಣ್ಣಗೆ ಬಂದರೂ ಅದೇ ಎರರ್ ಬರುತ್ತದೆ, ಯಾಕೆಂದರೆ ಮೆಷಿನ್‌ಗೆ ಗೊತ್ತಾಗುವುದು ಇಷ್ಟು ಹೊತ್ತಾದರೂ ನೀರು ಮಟ್ಟಕ್ಕೆ ಬರಲಿಲ್ಲ ಎನ್ನುವುದು ಮಾತ್ರ. ನೀರು ಬರಲೇ ಇಲ್ಲವೋ, ಬಂದಿದ್ದೆಲ್ಲ ಹೊರಟೇ ಹೋಯಿತೋ ಅದಕ್ಕೆ ತಿಳಿಯುವುದಿಲ್ಲ. ಪಂಪ್‌ಗೆ ದುಡ್ಡು ಹಾಕುವ ಮುಂಚೆ ಅದನ್ನು ನಾವು ನೋಡಬೇಕು.

ಅಕ್ಕಾ, ಮೊದಲು ನಲ್ಲಿಯ ಹೋಸ್ ಬಿಚ್ಚಿ ಒಂದು ಬಕೆಟ್ ಹಿಡಿಯಿರಿ. ಎರಡು ಮೂರು ನಿಮಿಷದಲ್ಲಿ ತುಂಬಿದರೆ ನೀರಿನದು ತಪ್ಪಲ್ಲ. ಆಮೇಲೆ ಹೋಸ್ ಹಾಕಿ ವಾಶ್ ಶುರು ಮಾಡಿ, ಸುಮ್ನೆ ಡ್ರೈನ್ ಪೈಪ್ ಹತ್ತಿರ ಕಿವಿ ಇಡಿ. ನೀರು ತುಂಬುವ ಹೊತ್ತಿನಲ್ಲಿ ಡ್ರೈನ್‌ನಲ್ಲಿ ಯಾವ ಸದ್ದೂ ಇರಬಾರದು. ಅಲ್ಲಿ ಸೊರಸೊರ ಅಂತ ನೀರು ಇಳಿಯುತ್ತಿದ್ದರೆ ಕಳ್ಳ ಸಿಕ್ಕಿದ ಹಾಗೆ. ಯುಟಿಲಿಟಿಯಲ್ಲಿ ಸಿಂಕ್ ಇದೆ ಅಲ್ವಾ? ಡ್ರೈನ್ ಹೋಸನ್ನು ಗೋಡೆಯ ಪೈಪ್‌ನಿಂದ ತೆಗೆದು ಸಿಂಕ್ ಅಂಚಿಗೆ ಕೊಕ್ಕೆ ಹಾಕಿ, ಜಾರದ ಹಾಗೆ ಕಟ್ಟಿ, ಒಂದು ಸಲ ಓಡಿಸಿ ನೋಡಿ. ಆಗ ಸರಿಯಾಗಿ ತುಂಬಿದರೆ ಮೆಷಿನ್ ಚೆನ್ನಾಗಿಯೇ ಇದೆ.

ಸುಮಾ: ಬಕೆಟ್ ಒಂದೂವರೆ ನಿಮಿಷದಲ್ಲಿ ತುಂಬಿತು. ಗೋಡೆಯ ಪೈಪ್‌ನಲ್ಲಿ ಸದ್ದು ಬರುತ್ತಿತ್ತು ಅಣ್ಣಾ. ಸಿಂಕ್‌ಗೆ ಹಾಕಿದ ಮೇಲೆ ಐದು ನಿಮಿಷಕ್ಕೆ ಡ್ರಮ್ ತಿರುಗಲು ಶುರುವಾಯಿತು, ಎರರ್ ಇಲ್ಲ! ಆದರೆ ದಿನಾ ಸಿಂಕ್‌ಗೆ ಬಿಡಲು ಆಗುವುದಿಲ್ಲ, ಪಾತ್ರೆ ತೊಳೆಯುವುದು ಅಲ್ಲೇ.

ಮಂಜಣ್ಣ, ಪ್ಲಂಬರ್: ಹಾಗಾದರೆ ಪೈಪ್‌ದೇ ಕತೆ. ಟ್ಯಾಂಕ್‌ನಿಂದ ಟ್ಯೂಬ್ ಹಾಕಿ ಬಾಯಲ್ಲಿ ಒಮ್ಮೆ ಎಳೆದು ಬಿಟ್ಟರೆ ನೀರು ತಾನಾಗಿ ಬರುತ್ತಲೇ ಇರುತ್ತದೆ ಅಲ್ವಾ, ಇಲ್ಲೂ ಅದೇ ಆಗುತ್ತಿದೆ. ಹೋಸ್‌ನ ಬಾಯಿ ಡ್ರಮ್ಮಿನ ನೀರಿಗಿಂತ ಕೆಳಗಿದೆ. ಹೋಸ್ ಒಮ್ಮೆ ತುಂಬಿಕೊಂಡರೆ ಸಾಕು, ಪಂಪ್ ನಿಂತರೂ ನೀರು ಹರಿಯುತ್ತದೆ. ಅದನ್ನು ಮುರಿಯಲು ಎರಡು ಬೇಕು: ಎತ್ತರ ಮತ್ತು ಗಾಳಿ.

ಎತ್ತರಕ್ಕೆ ಒಂದು ನಿಂತ ಪೈಪ್ ಬೇಕು. ಗೋಡೆಯಿಂದ ಬಂದ ಪೈಪ್‌ಗೆ ಎಲ್ಬೋ ಹಾಕಿ ಮೇಲಕ್ಕೆ ಎಬ್ಬಿಸಿ, ಅದರ ಬಾಯಿ ನೆಲದಿಂದ ಎರಡೂಕಾಲರಿಂದ ಎರಡೂವರೆ ಅಡಿಗೆ ಬರಲಿ. ಎರಡಡಿಗಿಂತ ಕೆಳಗೆ ಬೇಡ. ಮೂರಡಿ ದಾಟಿಸುವುದೂ ಬೇಡ, ಪಂಪ್ ಏದುಸಿರು ಬಿಡುತ್ತದೆ, ಹೋಸ್‌ನಲ್ಲಿ ಉಳಿದ ನೀರು ವಾಪಸ್ ಬರುತ್ತದೆ. ನಿಮ್ಮ ಮೆಷಿನ್ ಪುಸ್ತಕದಲ್ಲಿ ಕನಿಷ್ಠ, ಗರಿಷ್ಠ ಎತ್ತರ ಬರೆದಿರುತ್ತಾರೆ, ಅದನ್ನೂ ನೋಡಿಕೊಳ್ಳಿ.

ಗಾಳಿಗೆ ಪೈಪ್ ಹೋಸ್‌ಗಿಂತ ದಪ್ಪ ಇರಬೇಕು, ಸುತ್ತ ಸಂದು ಕಾಣಬೇಕು. ಗೋಡೆಯದು ಎಷ್ಟು ಎಂಎಂ ಅಳೆದು ಹೇಳಿ. 40 ಇದ್ದರೆ ನಡೆಯುತ್ತದೆ, 50 ಇದ್ದರೆ ಒಳ್ಳೆಯದು. 32 ಇದ್ದರೆ ನಾನು ಆ ಕೆಲಸ ಮುಟ್ಟುವುದಿಲ್ಲ, ಹೋಸ್ ಹೋದರೆ ಮುಚ್ಚಳ ಹಾಕಿದ ಹಾಗೆ ಆಗುತ್ತದೆ. ಹೋಸ್ ಒಳಗೆ ನಾಲ್ಕೈದು ಇಂಚು ಇಳಿದರೆ ಸಾಕು. ಉದ್ದ ಜಾಸ್ತಿ ಇದೆ ಅಂತ ಒಳಗೆ ತಳ್ಳಿದರೆ ಬಾಯಿ ಮತ್ತೆ ಕೆಳಕ್ಕೆ ಹೋಯಿತು, ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ.

ನಾಗವೇಣಿ: ಇದು ಎಲ್ಲರಿಗೂ ಅಲ್ಲ! ನಮ್ಮ ಪ್ಲಂಬರ್ ಇದನ್ನೇ ಓದಿಕೊಂಡು ಬಂದವರ ಹಾಗೆ ಪೈಪನ್ನು ಎರಡೂವರೆ ಅಡಿಗೆ ಏರಿಸಿದ. ಈಗ ನೀರು ಹೊರಗೆ ಹೋಗುವುದೇ ಇಲ್ಲ. ಹೋಸ್ ಕೆಳಗೆ ಬಿಟ್ಟರೆ ಮಾತ್ರ ಹೋಗುತ್ತದೆ.

ಮಂಜಣ್ಣ, ಪ್ಲಂಬರ್: ನಿಮ್ಮದು ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಇರಬೇಕು ಅಮ್ಮ?

ನಾಗವೇಣಿ: ಹೌದು. ಹನ್ನೆರಡು ವರ್ಷದ್ದು, ಇನ್ನೂ ಗಟ್ಟಿಯಾಗಿದೆ.

ಮಂಜಣ್ಣ, ಪ್ಲಂಬರ್: ಅದಕ್ಕೆ ಸಾಮಾನ್ಯವಾಗಿ ಡ್ರೈನ್ ಪಂಪ್ ಇರುವುದಿಲ್ಲ ಅಮ್ಮ. ನೀರು ಇಳಿಜಾರಿಗೆ ತಾನಾಗಿ ಹೋಗಬೇಕು. ನಿಮಗೆ ಹೋಸ್ ನೆಲದ ಜಾಲಿಗೇ ಬಿಡಬೇಕು, ನಿಂತ ಪೈಪ್ ಬೇಡವೇ ಬೇಡ. ನಾನು ಸುಮಕ್ಕನಿಗೆ ಹೇಳಿದ್ದು ಪಂಪ್ ಇರುವ ಮೆಷಿನ್‌ಗೆ.

ಪ್ರವೀಣ್: ಇಷ್ಟೆಲ್ಲ ಯಾಕೆ? ಬಾಲ್ಕನಿ ಮೂಲೆಯಲ್ಲಿ ಮಳೆನೀರಿನ ಪೈಪ್ ಇಳಿದಿರುತ್ತದೆ. ಅದಕ್ಕೊಂದು ಟೀ ಹಾಕಿ ಬಿಟ್ಟುಬಿಡಿ. ನಾಲ್ಕಿಂಚಿನ ಪೈಪ್, ಜನ್ಮದಲ್ಲಿ ಕಟ್ಟುವುದಿಲ್ಲ. ನಾವು ಹಾಗೇ ಮಾಡಿದ್ದೇವೆ.

ಮಂಜಣ್ಣ, ಪ್ಲಂಬರ್: ಕಟ್ಟುವುದಿಲ್ಲ ನಿಜ ಸರ್, ಆದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಕೆಳಗೆ ಹೋಗಿ ನೋಡಿದ್ದೀರಾ? ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಆ ಪೈಪ್ ಇಂಗುಗುಂಡಿಗೋ ಸಂಪಿಗೋ ಹೋಗುತ್ತದೆ. ಹಾಗಿದ್ದರೆ ನಿಮ್ಮ ಸೋಪಿನ ನೀರು ಎಲ್ಲರ ಬೋರ್‌ವೆಲ್ ಪಕ್ಕ ಇಳಿಯುತ್ತಿದೆ. ಒಂದು ಕಡೆ ನಾನೇ ನೋಡಿದ್ದೇನೆ, ಬೇಸಿಗೆಯಲ್ಲಿ ಇಂಗುಗುಂಡಿ ಮುಚ್ಚಳ ತೆಗೆದರೆ ಮೇಲೆ ಬಿಳಿ ನೊರೆ, ಪಕ್ಕದಲ್ಲಿ ವಾಚ್‌ಮನ್ ಮೂಗು ಮುಚ್ಚಿಕೊಂಡು ನಿಂತಿದ್ದ.

ಪ್ರವೀಣ್: ನಮ್ಮದು ಚರಂಡಿಗೆ ಹೋಗುತ್ತದೆ ಅಂದುಕೊಂಡಿದ್ದೇನೆ. ಕೇಳಿ ನೋಡುತ್ತೇನೆ.

ಸುಮಾ: ಪೈಪ್ 40 ಎಂಎಂ ಇದೆ. ಇನ್ನೊಂದು ಮಾತು ಅಣ್ಣಾ. ಸಂದು ಬಿಟ್ಟರೆ ವಾಸನೆ, ಜಿರಲೆ ಬರುವುದಿಲ್ಲವಾ? ಸುತ್ತ ಎಂ-ಸೀಲ್ ಮೆತ್ತಿ ಅಂತ ನಮ್ಮ ಅತ್ತೆ ಹೇಳುತ್ತಿದ್ದಾರೆ.

ಮಂಜಣ್ಣ, ಪ್ಲಂಬರ್: ಎಂ-ಸೀಲ್ ಮೆತ್ತಿದರೆ ವಾಸನೆ ನಿಲ್ಲುತ್ತದೆ, ಆದರೆ ಗಾಳಿಯೂ ನಿಲ್ಲುತ್ತದೆ. ಮತ್ತೆ ನೀರು ಎಳೆಯಲು ಶುರು. ವಾಸನೆ ತಡೆಯುವುದು ಕೆಳಗಿನ ಟ್ರ್ಯಾಪ್‌ನಲ್ಲಿ ನಿಂತ ನೀರು, ಮೇಲಿನ ಬಾಯಲ್ಲ.

ನಿಮ್ಮ ಪೈಪ್ ಟ್ರ್ಯಾಪ್‌ಗೆ ಸೇರಿದೆಯೋ ನೇರ ಲೈನ್‌ಗೆ ಸೇರಿದೆಯೋ ನೋಡುವುದು ಸುಲಭ. ನೆಲದ ಜಾಲಿ ಎತ್ತಿ, ಟಾರ್ಚ್ ಬಿಡಿ. ಇನ್ನೊಬ್ಬರು ಗೋಡೆಯ ಪೈಪ್‌ಗೆ ಚೊಂಬಿನಲ್ಲಿ ನೀರು ಹುಯ್ಯಲಿ. ಜಾಲಿಯ ಕೆಳಗೆ ಪಕ್ಕದ ತೂತಿನಿಂದ ನೀರು ಬಂದು ಬಿದ್ದರೆ ನಿಶ್ಚಿಂತೆ, ಟ್ರ್ಯಾಪ್ ಮೂಲಕವೇ ಹೋಗುತ್ತಿದೆ. ಅಲ್ಲಿ ಏನೂ ಕಾಣದೆ ನೀರು ಎಲ್ಲೋ ಮಾಯವಾದರೆ ನೇರ ಲೈನ್‌ಗೆ ಹೋಗಿರಬಹುದು. ಆಗ ನಿಂತ ಪೈಪಿನ ಕೆಳಗೆ ಒಂದು ಪಿ ಟ್ರ್ಯಾಪ್ ಬೇಕೇ ಬೇಕು.

ಅದೇ ಹೊತ್ತಿಗೆ ಇನ್ನೊಂದು ಪರೀಕ್ಷೆ ಮಾಡಿ. ಪೂರ್ತಿ ಒಂದು ಬಕೆಟ್ ನೀರನ್ನು ಒಂದು ನಿಮಿಷದೊಳಗೆ ಆ ಪೈಪ್‌ಗೆ ಹುಯ್ಯಿರಿ. ಪಂಪ್ ಹೆಚ್ಚುಕಮ್ಮಿ ಅಷ್ಟೇ ಜೋರಾಗಿ ತಳ್ಳುತ್ತದೆ. ಜಾಲಿಯಿಂದ ನೀರು ಉಕ್ಕಿ ನೆಲಕ್ಕೆ ಬಂದರೆ ಟ್ರ್ಯಾಪ್‌ನಲ್ಲಿ ಕೂದಲು, ಬಟ್ಟೆ ಜುಂಗು ಸೇರಿದೆ ಅಂತ ಅರ್ಥ. ಅದನ್ನು ತೆಗೆಯದೆ ನಿಂತ ಪೈಪ್ ಕಟ್ಟಿದರೆ ನೀರು ಅದರ ಬಾಯಿಂದಲೂ ಉಕ್ಕುತ್ತದೆ.

ಪೈಪ್ 40 ಆದ್ದರಿಂದ ಬಾಯಿಗೆ 50ಕ್ಕೆ 40ರ ರೆಡ್ಯೂಸರ್ ಒಂದನ್ನು ದೊಡ್ಡ ಬಾಯಿ ಮೇಲೆ ಮಾಡಿ ಕೂರಿಸಿ, ಆಲಿಕೆ ಇಟ್ಟ ಹಾಗೆ ಆಗುತ್ತದೆ. ಹೋಸ್‌ನ ಪ್ಲಾಸ್ಟಿಕ್ ಕೊಕ್ಕೆಯನ್ನು ಪೈಪ್‌ಗೆ ಜಿಪ್ ಟೈಯಿಂದ ಬಿಗಿಯಿರಿ. ಇಲ್ಲದಿದ್ದರೆ ಪಂಪ್ ಶುರುವಾದ ಏಟಿಗೆ ಹೋಸ್ ಹಾವಿನ ಹಾಗೆ ಎದ್ದು ಹೊರಗೆ ಬರುತ್ತದೆ. ರಾತ್ರಿ ಹಾಕಿ ಮಲಗಿದವರಿಗೆ ಬೆಳಿಗ್ಗೆ ಅಡುಗೆಮನೆಯಲ್ಲಿ ಕೆರೆ.

ಸುಮಾ: ಸರಿ. ನಲ್ಲಿಗೆ ಏನು ಮಾಡಲಿ? ಗೋಡೆ ಒಡೆಸುವುದಿಲ್ಲ ಅಂತ ಮನೆಯವರು ಹಠ ಹಿಡಿದಿದ್ದಾರೆ.

ಮಂಜಣ್ಣ, ಪ್ಲಂಬರ್: ಒಡೆಯುವುದು ಬೇಡ. ನಲ್ಲಿ, ಅದರ ಮುಂದೆ ಹೋಸ್‌ನ ನಟ್, ಅದರ ಮುಂದೆ ಹೋಸ್‌ನ ಬಗ್ಗು, ಇಷ್ಟೂ ಸೇರಿ ನಿಮ್ಮ ಆರು ಇಂಚು ತಿನ್ನುತ್ತಿದೆ. ನಲ್ಲಿಯನ್ನು ಮೆಷಿನ್ ತಲೆಗಿಂತ ಮೇಲಕ್ಕೆ ತಂದರೆ ಆಯಿತು. ಮೆಷಿನ್ ಎತ್ತರ ಸುಮಾರು 850 ಎಂಎಂ. ನಲ್ಲಿ ಮೂರೂವರೆ ಅಡಿಗೆ ಬರಲಿ, ಆದಷ್ಟು ಪಕ್ಕಕ್ಕೆ, ಕೈ ಹಾಕಿದರೆ ಸಿಗುವ ಹಾಗೆ.

ಈಗಿರುವ ನಲ್ಲಿ ಬಿಚ್ಚಿ ಆ ಪಾಯಿಂಟ್‌ಗೆ ಅರ್ಧ ಇಂಚಿನ ಥ್ರೆಡ್ ಇರುವ ಸಿಪಿವಿಸಿ ಅಡಾಪ್ಟರ್ ಹಾಕಿ. ಅಲ್ಲೇ ಎಲ್ಬೋ ತಿರುಗಿಸಿ ಗೋಡೆಗೆ ಅಂಟಿಕೊಂಡ ಹಾಗೆ ಪೈಪ್ ಮೇಲೆತ್ತಿ. ತುದಿಗೆ ಪ್ಲಾಸ್ಟಿಕ್ ಥ್ರೆಡ್ ಬೇಡ, ಹಿತ್ತಾಳೆ ಥ್ರೆಡ್‌ನ ಎಲ್ಬೋ ಬೇಕು. ಅದರ ಹತ್ತಿರವೇ ಒಂದು ಕ್ಲಾಂಪ್ ಗೋಡೆಗೆ ಹೊಡೆಯಿರಿ. ನಲ್ಲಿ ತಿರುಗಿಸುವಾಗ ಪೈಪ್ ತಿರುಚಿಕೊಳ್ಳಬಾರದು. ಅಂಟು ಹಾಕಿದ ದಿನವೇ ನೀರು ಬಿಡಬೇಡಿ, ಮಾರನೇ ದಿನ ಬಿಡಿ. ನಿಮ್ಮ ಯುಟಿಲಿಟಿಗೆ ಬಿಸಿಲು ಬಿದ್ದರೆ ಹೊರಗಿನ ಪೈಪ್‌ಗೆ ಒಂದು ಕೋಟ್ ಬಣ್ಣ ಬಳಿಯಿರಿ, ಬಿಸಿಲಿಗೆ ಅದು ಪೆಡಸಾಗುತ್ತದೆ.

ಅಂಗಡಿಯಲ್ಲಿ ವಾಷಿಂಗ್ ಮೆಷಿನ್ ನಲ್ಲಿ ಅಂತಲೇ ಕೇಳಿ. ಗೋಡೆ ಕಡೆ ಅರ್ಧ ಇಂಚು, ಹೋಸ್ ಕಡೆ ಮುಕ್ಕಾಲು ಇಂಚು ಥ್ರೆಡ್ ಇರುತ್ತದೆ. ಗೀಸರ್‌ಗೆ ಹಾಕುವ ಆ್ಯಂಗಲ್ ಕಾಕ್ ಕೊಟ್ಟರೆ ಎರಡೂ ಕಡೆ ಅರ್ಧ ಇಂಚೇ, ಹೋಸ್‌ನ ನಟ್ ಕೂರುವುದಿಲ್ಲ. ಟೆಫ್ಲಾನ್ ಟೇಪ್ ಗೋಡೆ ಕಡೆಯ ಥ್ರೆಡ್‌ಗೆ ಮಾತ್ರ. ಹೋಸ್ ಕಡೆ ನೀರು ಹಿಡಿಯುವುದು ನಟ್‌ನೊಳಗಿನ ರಬ್ಬರ್ ವಾಷರ್. ಅದು ಒಳಗಿದೆಯಾ ಅಂತ ಬೆರಳು ಹಾಕಿ ನೋಡಿ, ಡಬ್ಬದಲ್ಲೇ ಬಿದ್ದುಹೋಗಿರುತ್ತದೆ ಎಷ್ಟೋ ಸಲ. ಕೈಯಲ್ಲಿ ಬಿಗಿಮಾಡಿ, ಮೇಲೆ ಕಾಲು ಸುತ್ತು ಸಾಕು. ಜೋರು ಮಾಡಿದರೆ ಪ್ಲಾಸ್ಟಿಕ್ ನಟ್ ಸೀಳುತ್ತದೆ.

ಮೆಷಿನ್ ಹಿಂದೆ ಎರಡೂವರೆ, ಮೂರು ಇಂಚು ಬಿಡಿ. ಪೂರ್ತಿ ಒತ್ತಿದರೆ ಹೋಸ್ ಮಡಚಿಕೊಂಡು ನೀರೇ ಬರುವುದಿಲ್ಲ. ಆಗ ರಮೇಶ್ ಸರ್ ಹೇಳಿದ ಪ್ರೆಶರ್ ತೊಂದರೆ ನಾವೇ ತಂದುಕೊಂಡ ಹಾಗೆ.

ರಮೇಶ್: ಹಾಗಾದರೆ ನಮ್ಮ ಮನೆಯಲ್ಲೂ ಹೋಸ್ ಮಡಚಿತ್ತೋ ಏನೋ. ಪಂಪ್ ಹಾಕುವ ದಿನ ಮೆಷಿನ್ ಮುಂದೆ ಎಳೆದಿದ್ದರು.

ಸುಮಾ, ನಾಲ್ಕು ದಿನದ ನಂತರ: ಕೆಲಸ ಆಯಿತು. ನಿಂತ ಪೈಪ್ ಬಾಯಿ ನೆಲದಿಂದ 29 ಇಂಚು, ನಲ್ಲಿ 42 ಇಂಚು. ಮೆಷಿನ್ ಮೂರು ಇಂಚು ಹಿಂದೆ ಸರಿಯಿತು, ಬಾಗಿಲು ತೆರೆಯುತ್ತದೆ. ಎರಡು ವಾಶ್ ಹಾಕಿದೆ, ಎರರ್ ಇಲ್ಲ. ಬಕೆಟ್ ಹುಯ್ದಾಗ ಜಾಲಿಯಿಂದ ನೀರು ಉಕ್ಕಿತ್ತು. ಟ್ರ್ಯಾಪ್‌ನಿಂದ ಒಂದು ಮುಷ್ಟಿ ಜುಂಗು, ಒಂದು ಬಟ್ಟೆ ಕ್ಲಿಪ್ ಬಂತು. ಚೊಂಬಿನ ನೀರು ಜಾಲಿಯ ಕೆಳಗೇ ಕಾಣಿಸಿತು. ಆದರೂ ಬೆಳಿಗ್ಗೆ ಹೊತ್ತು ಸ್ವಲ್ಪ ವಾಸನೆ ಇದೆ.

ಮಂಜಣ್ಣ, ಪ್ಲಂಬರ್: ಟ್ರ್ಯಾಪ್ ತೊಳೆದಾಗ ಒಳಗಿನ ಬಟ್ಟಲು ವಾಪಸ್ ಇಟ್ಟರಾ?

ಸುಮಾ: ಬಟ್ಟಲಾ? ತಾಳಿ, ಪ್ಲಂಬರ್ ಹುಡುಗನನ್ನು ಕೇಳುತ್ತೇನೆ.